ಸೇವಾ ವರದಿಗೂ ತಾಳೆಪಟ್ಟಿ ಬೇಕು

ಜೀವನ್ ಬಿಮಾ ನಗರದಲ್ಲಿ ಕಚೇರಿ ಹಾಗೂ ಮಳಿಗೆಯನ್ನು ಹೊಂದಿರುವ, ವಿದ್ಯುತ್ ಫಲಕಗಳ ಬಿಡಿಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ಕಳೆದ ತಿಂಗಳು ಒಂದು ಕಾಗದವನ್ನು ಕಳುಹಿಸಿ, ಅದರ ಅರ್ಥವನ್ನು ತಿಳಿಸಬೇಕೆಂದು ಕೇಳಿದರು. ಅವರ ಬಿಲ್ಲಿಂಗ್ ಹಾಗೂ ಲೆಕ್ಕಪತ್ರದ ತಂತ್ರಾಂಶವನ್ನು ಬಾಡಿಗೆಯ ಸರ್ವರ್‌ನಲ್ಲಿ ನಡೆಸಿಕೊಡುವ ಸಂಸ್ಥೆಯು ಪ್ರತಿ ತಿಂಗಳೂ ಕಳುಹಿಸುವ ಸೇವಾ ವರದಿ ಅದು. ಇಂತಹ ವರದಿ ನಮ್ಮ ಅನೇಕ ಸದಸ್ಯರ ಕೈಗೂ ಬರುತ್ತದೆ, ಬಹುತೇಕ ಓದದೆಯೇ ಕಡತವನ್ನು ಸೇರುತ್ತದೆ. ಆದುದರಿಂದ ನಾನು ಬರೆದ ಉತ್ತರವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಪ್ರಕಟಣೆಗೆ ನೀಡುತ್ತಿದ್ದೇನೆ.

ಮಾನ್ಯರೇ,

ತಮ್ಮ ಪತ್ರವೂ ಅದರೊಡನೆ ಲಗತ್ತಿಸಿದ್ದ ಸೇವಾ ವರದಿಯೂ ತಲುಪಿದವು. ವರದಿಯ ಮೊದಲ ಪುಟದಲ್ಲಿ ‘ಅಪ್‌ಟೈಮ್ ಶೇ. 99.62’ ಎಂದೂ ‘ಸರಾಸರಿ ಪ್ರತಿಕ್ರಿಯೆ ಸಮಯ 18 ನಿಮಿಷ’ ಎಂದೂ ಇದೆ. ಒಪ್ಪಂದದಲ್ಲಿ ಅವರು ಒಪ್ಪಿಕೊಂಡಿದ್ದು ಶೇ. 99.5 ಮತ್ತು 30 ನಿಮಿಷ. ಎರಡರಲ್ಲಿಯೂ ಅವರು ತೇರ್ಗಡೆಯಾಗಿದ್ದಾರೆ. ಆದರೂ ಅದೇ ತಿಂಗಳ 10ನೆಯ ತಾರೀಖು ಹೊಸೂರಿಗೆ ಹೊರಡಬೇಕಿದ್ದ ತಮ್ಮ ಲಾರಿ ಮಧ್ಯಾಹ್ನವೆಲ್ಲ ಮಳಿಗೆಯ ಮುಂದೆ ನಿಂತಿತ್ತು. ‘ಇವರ ಲೆಕ್ಕ ಸರಿಯೆ, ನನ್ನ ಅನುಭವ ಸರಿಯೆ?’ ಎಂದು ತಾವು ಕೇಳಿದ್ದೀರಿ. ಎರಡೂ ಸರಿ ಎಂಬುದೇ ನನ್ನ ಉತ್ತರ. ಅದು ಹೇಗೆಂಬುದನ್ನು ವಿವರಿಸುತ್ತೇನೆ.

ಬ್ಯಾಂಕಿನ ಪಾಸ್‌ಪುಸ್ತಕದಲ್ಲಿರುವ ಬಾಕಿಯೂ ತಮ್ಮ ಬ್ಯಾಂಕ್ ಖಾತೆ ಪುಸ್ತಕದ ಬಾಕಿಯೂ ತಿಂಗಳ ಕೊನೆಗೆ ಒಂದೇ ಆಗಿರುವುದಿಲ್ಲ. ಹಾಗೆಂದು ಬ್ಯಾಂಕು ಸುಳ್ಳು ಹೇಳಿತೆಂದು ನಾವು ಭಾವಿಸುವುದಿಲ್ಲ. ವ್ಯತ್ಯಾಸಕ್ಕೆ ಕಾರಣವನ್ನು ಹುಡುಕಿ ತಾಳೆಪಟ್ಟಿ ಬರೆಯುತ್ತೇವೆ. ಸೇವಾ ವರದಿಯೂ ಅಂತಹುದೇ. ಅದು ಸೇವೆ ಕೊಡುವವರ ಪುಸ್ತಕ. ತಮ್ಮ ಪುಸ್ತಕವನ್ನು ತಾವು ಬರೆಯದಿದ್ದರೆ ತಾಳೆ ನೋಡಲು ಏನೂ ಇರುವುದಿಲ್ಲ.

ಮೊದಲು ಶೇಕಡಾವಾರನ್ನು ನಿಮಿಷಕ್ಕೆ ಇಳಿಸೋಣ. 30 ದಿನಗಳ ತಿಂಗಳಿನಲ್ಲಿ 43,200 ನಿಮಿಷಗಳಿವೆ. ಶೇ. 99.5 ಎಂದರೆ 216 ನಿಮಿಷ, ಅಂದರೆ ಮೂರು ಗಂಟೆ ಮೂವತ್ತಾರು ನಿಮಿಷಗಳ ಕಾಲ ಸೇವೆ ನಿಂತರೂ ಒಪ್ಪಂದ ಮುರಿಯಲಿಲ್ಲವೆಂದು ಅರ್ಥ. ತಮ್ಮ ವರದಿಯ ಶೇ. 99.62 ಎಂದರೆ 164 ನಿಮಿಷಗಳ ಸ್ಥಗಿತ. ಇದು ತಿಂಗಳಿಡೀ ಹರಡಿದ್ದ ಸ್ಥಗಿತವಲ್ಲ. 10ನೆಯ ತಾರೀಖು ಮಧ್ಯಾಹ್ನ 2.40ರಿಂದ 5.24ರವರೆಗೆ ಒಂದೇ ಸಲ ಆದದ್ದು. ರಾತ್ರಿ ಎರಡು ಗಂಟೆಗೆ ಆಗಿದ್ದರೆ ತಮಗೆ ತಿಳಿಯುತ್ತಲೂ ಇರಲಿಲ್ಲ, ಆದರೆ ವರದಿಯ ಅಂಕಿ ಮಾತ್ರ ಇದೇ ಆಗಿರುತ್ತಿತ್ತು. ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕದಲ್ಲಿ ತಾವು ಮಲಗಿರುವ ಹೊತ್ತೂ ಸೇವೆಯ ಹೊತ್ತೆಂದು ಸೇರುತ್ತದೆ. ತಮ್ಮ ಕಚೇರಿ ತೆರೆದಿರುವುದು 26 ದಿನ, ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ. ಅಂದರೆ 15,600 ನಿಮಿಷ. ತಮ್ಮ ಪಾಲಿಗೆ ಭಾಜಕವಾಗಬೇಕಾದ ಸಂಖ್ಯೆ ಇದು.

ಇನ್ನು ಸ್ಥಗಿತವೆಂದು ಅವರು ಎಣಿಸದಿರುವ ಬಾಬುಗಳು ಎರಡಿವೆ. ವರದಿಯ ಕೊನೆಯ ಪುಟದ ಸಣ್ಣ ಅಕ್ಷರದ ಟಿಪ್ಪಣಿಯನ್ನು ನೋಡಿರಿ. ‘ಪೂರ್ವನಿಗದಿತ ನಿರ್ವಹಣೆಯನ್ನು ಹೊರತುಪಡಿಸಿ’ ಎಂದಿದೆ. ಒಂದು ಶನಿವಾರ ಸಂಜೆ 5.30ರಿಂದ 7ರವರೆಗೆ 90 ನಿಮಿಷ ಅವರು ಸರ್ವರ್ ನಿಲ್ಲಿಸಿದ್ದರು. ಹಿಂದಿನ ಸಂಜೆ ಒಂದು ಇ-ಮೇಲ್ ಬಂದಿತ್ತು. ಹೀಗಾಗಿ ಅದು ಸ್ಥಗಿತದ ಲೆಕ್ಕಕ್ಕೆ ಸೇರಲಿಲ್ಲ. ಎರಡನೆಯದು ಅಳತೆಯ ಕ್ರಮ. ಅವರ ಯಂತ್ರವು ಐದು ನಿಮಿಷಕ್ಕೊಮ್ಮೆ ಸರ್ವರನ್ನು ಕರೆದು, ಉತ್ತರ ಬಂದರೆ ‘ಚಾಲನೆಯಲ್ಲಿದೆ’ ಎಂದು ದಾಖಲಿಸುತ್ತದೆ. ಸರ್ವರ್ ಎಚ್ಚರವಾಗಿದ್ದು ಬಿಲ್ಲಿಂಗ್ ಪರದೆ ತೆರೆಯದಿದ್ದರೂ, ಇ-ಇನ್‌ವಾಯ್ಸ್ ಪೋರ್ಟಲಿನಿಂದ ಐಆರ್‌ಎನ್ ಸಂಖ್ಯೆ ಬಾರದಿದ್ದರೂ ಆ ಯಂತ್ರಕ್ಕೆ ತಿಳಿಯದು. ತಮ್ಮ ಬಿಲ್ಲಿಂಗ್ ವಿಭಾಗದ ಗುಮಾಸ್ತೆಯವರು ಡೈರಿಯಲ್ಲಿ ಇಂತಹ ಮೂರು ಸಂದರ್ಭಗಳನ್ನು ಬರೆದಿಟ್ಟಿದ್ದಾರೆ. ಮೂರೂ ಸೇರಿ 48 ನಿಮಿಷ.

ಈಗ ತಾಳೆಪಟ್ಟಿ ಬರೆಯೋಣ. ವರದಿಯ ಪ್ರಕಾರ 164 ನಿಮಿಷ. ಅದಕ್ಕೆ ನಿರ್ವಹಣೆಯ 90 ಮತ್ತು ಡೈರಿಯ 48 ಕೂಡಿಸಿದರೆ 302 ನಿಮಿಷ. 15,600ರಲ್ಲಿ 302 ಕಳೆದರೆ ಕೆಲಸದ ವೇಳೆಯಲ್ಲಿ ಬಿಲ್ಲು ಮಾಡಲು ಸಾಧ್ಯವಾಗಿದ್ದ ಪ್ರಮಾಣ ಶೇ. 98.06. ಅದೇ ಡೈರಿಯಲ್ಲಿ ಇನ್ನೂ 75 ನಿಮಿಷಗಳಿವೆ. ಆದರೆ ಅದು ರಸ್ತೆ ಅಗೆದಾಗ ತಮ್ಮ ಇಂಟರ್‌ನೆಟ್ ತಂತಿ ತುಂಡಾದ ದಿನದ್ದು. ಅದನ್ನು ಸರ್ವರ್‌ನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗೆ ಕಟ್ಟಿದರೆ ಉಳಿದ 302 ನಿಮಿಷಗಳ ವಾದವೂ ದುರ್ಬಲವಾಗುತ್ತದೆ. ಅದಕ್ಕೆ ಪರಿಹಾರ ಬೇರೊಂದು ಕಂಪನಿಯ ಎರಡನೆಯ ಸಂಪರ್ಕವೇ ಹೊರತು ಈ ಒಪ್ಪಂದವಲ್ಲ.

ಪ್ರತಿಕ್ರಿಯೆ ಸಮಯದ ವಿಷಯಕ್ಕೆ ಬರೋಣ. ಆ ತಿಂಗಳು ತಾವು ಕೊಟ್ಟ ದೂರುಗಳು 12. ಅವುಗಳಲ್ಲಿ 11 ದೂರುಗಳು ಗುಪ್ತಪದ ಮರೆತದ್ದು, ಪ್ರಿಂಟರ್ ಅಕ್ಷರ ಸಣ್ಣದಾದದ್ದು ಇತ್ಯಾದಿ. ಒಂದೊಂದಕ್ಕೂ 10 ನಿಮಿಷದಲ್ಲಿ ಉತ್ತರ ಬಂದಿದೆ. 12ನೆಯದು 10ನೆಯ ತಾರೀಖಿನ ಸ್ಥಗಿತ. ಅದಕ್ಕೆ 106 ನಿಮಿಷ. ಒಟ್ಟು 216 ನಿಮಿಷವನ್ನು 12ರಿಂದ ಭಾಗಿಸಿದರೆ 18 ಬರುತ್ತದೆ. ಗಣಿತದಲ್ಲಿ ತಪ್ಪಿಲ್ಲ. ಆದರೆ ಪ್ರಿಂಟರಿನ ಅಕ್ಷರವನ್ನು ಬೇಗ ಸರಿಪಡಿಸಿದ ಪುಣ್ಯವು ಲಾರಿ ನಿಂತ ಪಾಪವನ್ನು ಇಲ್ಲಿ ಮುಚ್ಚಿಬಿಟ್ಟಿದೆ.

ಆ 106 ನಿಮಿಷವೂ ಪೂರ್ಣ ಸತ್ಯವಲ್ಲ. ತಮ್ಮವರು ದೂರವಾಣಿಯಲ್ಲಿ ತಿಳಿಸಿದ್ದು 2.45ಕ್ಕೆ. ಅವರು ತಮ್ಮ ಗಣಕದಲ್ಲಿ ದೂರನ್ನು ದಾಖಲಿಸಿದ್ದು 3.21ಕ್ಕೆ. ಇಂಜಿನಿಯರ್ ಮಾತನಾಡಿದ್ದು 5.07ಕ್ಕೆ. ಅವರ ಗಡಿಯಾರ 3.21ಕ್ಕೆ ಆರಂಭವಾಯಿತು, ತಮ್ಮದು 2.45ಕ್ಕೆ. ತಮ್ಮ ಲೆಕ್ಕದಲ್ಲಿ ಅದು 142 ನಿಮಿಷ. ಇನ್ನೊಂದು ಮಾತು: ಪ್ರತಿಕ್ರಿಯೆ ಎಂದರೆ ಪರಿಹಾರವಲ್ಲ. ‘ತಮ್ಮ ದೂರು ತಲುಪಿದೆ’ ಎಂಬ ಉತ್ತರವೂ ಪ್ರತಿಕ್ರಿಯೆಯೇ. ತಮ್ಮ ವರದಿಯಲ್ಲಿ ಪರಿಹಾರದ ಸಮಯಕ್ಕೆ ಅಂಕಣವೇ ಇಲ್ಲ. ಒಪ್ಪಂದದಲ್ಲಿ ಅದರ ಬಗ್ಗೆ ಭರವಸೆಯೂ ಇಲ್ಲ.

ಇದರಿಂದ ನಷ್ಟವೇನೆಂದು ನೋಡೋಣ. ತಮ್ಮ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿರುವುದರಿಂದ 2023ರ ಆಗಸ್ಟ್ 1ರಿಂದ ನೋಂದಾಯಿತ ಖರೀದಿದಾರರಿಗೆ ಕೊಡುವ ಬಿಲ್ಲಿಗೆ ಐಆರ್‌ಎನ್ ಕಡ್ಡಾಯವಾಗಿದೆ. ಅದಿಲ್ಲದ ಕಾಗದವನ್ನು ನಿಯಮ 48(5) ಬಿಲ್ಲೆಂದೇ ಪರಿಗಣಿಸುವುದಿಲ್ಲ. ಹೊಸೂರು ತಮಿಳುನಾಡಿಗೆ ಸೇರಿದ್ದು; 50,000 ರೂಪಾಯಿಗೆ ಮೀರಿದ ಸರಕಿಗೆ ಲಾರಿ ಹೊರಡುವ ಮೊದಲೇ ಇ-ವೇ ಬಿಲ್ ಇರಬೇಕು. ಆದುದರಿಂದ ಸರ್ವರ್ ನಿಂತರೆ ಲಾರಿಯೂ ನಿಲ್ಲುತ್ತದೆ. ಮೇಲಾಗಿ ಮರುದಿನ, 11ನೆಯ ತಾರೀಖು, ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ. 2025ರ ಜನವರಿ 10ರಂದು ಸರ್ಕಾರದ ಜಿಎಸ್‌ಟಿ ಪೋರ್ಟಲ್ಲೇ ಸ್ಥಗಿತಗೊಂಡಾಗ ಆ ಗಡುವನ್ನು 13ಕ್ಕೆ ಮುಂದೂಡಲಾಯಿತು. ಎಲ್ಲರ ಬಾಗಿಲು ಮುಚ್ಚಿದರೆ ರಿಯಾಯಿತಿ ದೊರೆಯುತ್ತದೆ; ನಮ್ಮೊಬ್ಬರ ಸರ್ವರ್ ಕೆಟ್ಟಿತೆಂದು ಯಾರೂ ಗಡುವನ್ನು ವಿಸ್ತರಿಸುವುದಿಲ್ಲ.

ಹಾಗಾದರೆ ಒಪ್ಪಂದದಲ್ಲಿರುವ ದಂಡದ ಕಲಮು ನೆರವಿಗೆ ಬರುವುದಿಲ್ಲವೆ? ಶೇ. 99.5ಕ್ಕಿಂತ ಕೆಳಗಿಳಿದರೆ ಮಾಸಿಕ ಶುಲ್ಕ 12,000 ರೂಪಾಯಿಯಲ್ಲಿ ಶೇ. 5 ಕಡಿತವೆಂದಿದೆ. ಅಂದರೆ 600 ರೂಪಾಯಿ. ಈ ಸಲ ಅದೂ ಬರುವುದಿಲ್ಲ. ಬಂದರೂ ಲಾರಿಯ ಕಾಯುವ ಬಾಡಿಗೆಗೂ ಸಾಲದು. ಜೀವ ವಿಮಾ ನಿಗಮದಿಂದ ಹೆಸರು ಪಡೆದ ಬಡಾವಣೆಯಲ್ಲಿರುವ ತಮಗೆ ನಾನು ಇಷ್ಟು ಹೇಳಬಹುದು: ಈ ಕಲಮು ವಿಮೆಯಲ್ಲ. ಅದು ಬೆಲೆಯಲ್ಲಿ ಕೊಡುವ ಸೋಡಿ ಮಾತ್ರ. ಎಂದಾದರೂ ಅಂತಹ ಕಡಿತ ಬಂದರೆ ಅದನ್ನು ಇತರ ಆದಾಯವೆಂದು ಬರೆಯದೆ ಆ ಖರ್ಚಿನ ಖಾತೆಯಲ್ಲೇ ಕಳೆಯಿರಿ. ಅವರು ಕಲಂ 34ರಂತೆ ಜಿಎಸ್‌ಟಿ ಸಹಿತ ಕ್ರೆಡಿಟ್ ನೋಟ್ ಕೊಟ್ಟರೆ, 600 ರೂಪಾಯಿಯ ಮೇಲಿನ ಶೇ. 18ರಂತೆ 108 ರೂಪಾಯಿ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸುವುದನ್ನೂ ಮರೆಯಬಾರದು.

ನನ್ನ ಅಭಿಪ್ರಾಯ ಇಷ್ಟು. ದಂಡದ ಪ್ರಮಾಣಕ್ಕಾಗಿ ಜಗಳವಾಡುವುದಕ್ಕಿಂತ ಅಳತೆಗೋಲನ್ನು ಬದಲಿಸಿಕೊಳ್ಳುವುದು ಲಾಭಕರ. ಒಪ್ಪಂದದ ನವೀಕರಣದ ವೇಳೆ ಮೂರು ತಿದ್ದುಪಡಿಗಳನ್ನು ಕೇಳಿರಿ. ಲಭ್ಯತೆಯನ್ನು ತಮ್ಮ ಕೆಲಸದ ವೇಳೆಯ ಮೇಲೆ, ಬಿಲ್ಲು ಹೊರಬಂದಿತೇ ಇಲ್ಲವೇ ಎಂಬುದರಿಂದ ಅಳೆಯಬೇಕು. ಪೂರ್ವನಿಗದಿತ ನಿರ್ವಹಣೆ ರಾತ್ರಿ 9ರ ನಂತರ ಅಥವಾ ಭಾನುವಾರ ಮಾತ್ರ ನಡೆಯಬೇಕು. ಮೂರು ದಿನ ಮುಂಚೆ ತಿಳಿಸಬೇಕು. 9ರಿಂದ 11, 18ರಿಂದ 20 ಮತ್ತು ತಿಂಗಳ ಕೊನೆಯ ಎರಡು ದಿನ ನಡೆಯಲೇಬಾರದು. ಬಿಲ್ಲಿಂಗ್ ನಿಲ್ಲಿಸುವ ದೂರುಗಳನ್ನು ಸರಾಸರಿಯಿಂದ ಬೇರ್ಪಡಿಸಿ, ದೂರವಾಣಿ ಕರೆಯ ವೇಳೆ, ಉತ್ತರದ ವೇಳೆ, ಪರಿಹಾರದ ವೇಳೆ ಎಂಬ ಮೂರು ಅಂಕಣಗಳಲ್ಲಿ ಒಂದೊಂದಾಗಿ ತೋರಿಸಬೇಕು. ಶೇ. 99.9ರ ದುಬಾರಿ ಸೇವೆಗೆ ಅವರು ಒತ್ತಾಯಿಸಬಹುದು. ರಾತ್ರಿಯ ಲಭ್ಯತೆಗೆ ತಾವು ಹಣ ತೆರಬೇಕಾದ ಅಗತ್ಯವಿಲ್ಲ. ಹಗಲಿನದಕ್ಕೆ ಸ್ವಲ್ಪ ಹೆಚ್ಚು ತೆತ್ತರೂ ಚಿಂತೆಯಿಲ್ಲ.

ಯಾವ ಒಪ್ಪಂದವಿದ್ದರೂ ಸರ್ವರ್ ಒಮ್ಮೆ ನಿಂತೇ ನಿಲ್ಲುತ್ತದೆ. ಅಂದು ಇ-ಇನ್‌ವಾಯ್ಸ್ ಹಾಗೂ ಇ-ವೇ ಬಿಲ್ ಪೋರ್ಟಲುಗಳಿಗೆ ನೇರವಾಗಿ ಹೋಗಿ ಕೆಲಸ ಮಾಡಬಹುದಾಗಿತ್ತು. ತಮ್ಮವರಿಗೆ ಅದು ಸಾಧ್ಯವಾಗದಿದ್ದುದಕ್ಕೆ ಎರಡು ಸಣ್ಣ ಕಾರಣಗಳು: ಕೊನೆಯ ಬಿಲ್ಲಿನ ಸಂಖ್ಯೆ ಸರ್ವರ್‌ನೊಳಗೇ ಸಿಕ್ಕಿಕೊಂಡಿತ್ತು, ಒಟಿಪಿ ಬರುವ ಮೊಬೈಲ್ ತಮ್ಮ ಜೇಬಿನಲ್ಲಿತ್ತು, ತಾವು ಊರಿನಲ್ಲಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ಬಿಲ್ಲುಗಳ ಪಟ್ಟಿಯನ್ನೂ ದರಪಟ್ಟಿಯನ್ನೂ ಮುದ್ರಿಸಿ ಇಡಿಸಿರಿ. ತುರ್ತಿಗೆಂದೇ ಬೇರೊಂದು ಬಿಲ್ ಸಂಖ್ಯಾ ಸರಣಿಯನ್ನು ಮೊದಲೇ ಗೊತ್ತುಮಾಡಿಕೊಂಡರೆ ಒಂದೇ ಸಂಖ್ಯೆ ಎರಡು ಬಾರಿ ಬೀಳುವ ಭಯವಿಲ್ಲ. ಪೋರ್ಟಲಿನಲ್ಲಿ ಕಚೇರಿಯ ಒಬ್ಬರಿಗೆ ಉಪಬಳಕೆದಾರರಾಗಿ ಪ್ರವೇಶ ಕೊಟ್ಟು, ಅವರದೇ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿರಿ.

ಕಡೆಯದಾಗಿ, ಆ ಡೈರಿಯನ್ನು ಮುಂದುವರಿಸಲು ಗುಮಾಸ್ತೆಯವರಿಗೆ ತಿಳಿಸಿರಿ. ನಿಂತ ವೇಳೆ, ಸರಿಹೋದ ವೇಳೆ, ಏನು ಆಗಲಿಲ್ಲ, ಯಾರ ದೋಷ ಎಂಬ ನಾಲ್ಕು ಅಂಕಣಗಳು ಸಾಕು. ಮುಂದಿನ ತಿಂಗಳ ವರದಿ ಬಂದಾಗ ಅದರ ಪಕ್ಕದಲ್ಲಿ ಡೈರಿಯನ್ನಿಟ್ಟು ತಾಳೆ ನೋಡಿ, ವ್ಯತ್ಯಾಸವನ್ನು ಲಿಖಿತವಾಗಿ ಅವರಿಗೆ ತಿಳಿಸಿದ ನಂತರವೇ ಶುಲ್ಕದ ಬಿಲ್ಲನ್ನು ಪಾವತಿಗೆ ಕಳುಹಿಸಿರಿ.

ತಮ್ಮ ವಿಶ್ವಾಸಿ,
ಲೆಕ್ಕ ಪರಿಶೋಧಕ