30 ಸೆಕೆಂಡಿನಲ್ಲಿ ಅರ್ಧ ಜನ ಎದ್ದು ಹೋದರೆ ವಿಡಿಯೋ ಕೆಟ್ಟದ್ದೇ?

"ಮೊದಲ 30 ಸೆಕೆಂಡ್ ಜನ ನಿಲ್ಲದಿದ್ದರೆ ನಿಮ್ಮ ವಿಡಿಯೋ ಸತ್ತಂತೆ, 5 ನಿಮಿಷಕ್ಕಿಂತ ಉದ್ದದ ವಿಡಿಯೋ ಯಾರೂ ನೋಡಲ್ಲ" ಎಂಬ ಸಂದೇಶವನ್ನು ನೀವೂ ನೋಡಿರಬಹುದು. ಅಡುಗೆ, ಹೊಲಿಗೆ, ಮೊಬೈಲ್ ರಿಪೇರಿ ಕಲಿಸುವ ಚಾನೆಲ್ ನಡೆಸುವವರ ಗುಂಪುಗಳಲ್ಲಿ ಇದು ಸುತ್ತುತ್ತಲೇ ಇರುತ್ತದೆ. ಇದನ್ನು ನಂಬಿ ಚೆನ್ನಾಗಿರುವ ಪಾಠವನ್ನೇ ತುಂಡು ಮಾಡಿ ಹಾಕಿದವರಿದ್ದಾರೆ. ಹಾಗಾದರೆ ನಿಜವೇನು?

ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರತಿ ವಿಡಿಯೋಗೂ ಒಂದು ಗೆರೆ ಸಿಗುತ್ತದೆ. ಅದಕ್ಕೆ ರಿಟೆನ್ಷನ್ ಗ್ರಾಫ್ ಎನ್ನುತ್ತಾರೆ. ವಿಡಿಯೋ ಶುರು ಮಾಡಿದ ನೂರು ಜನರಲ್ಲಿ ಯಾವ ಕ್ಷಣದಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. 30ನೇ ಸೆಕೆಂಡಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಸ್ಟುಡಿಯೋ ಬೇರೆಯಾಗಿಯೇ ಹೇಳುತ್ತದೆ. ಸಂದೇಶದಲ್ಲಿರುವ ಆ ಸಂಖ್ಯೆ ಬಂದಿದ್ದು ಬಹುಶಃ ಇಲ್ಲಿಂದ. ಆದರೆ ಅದು ಅಳತೆ ಮಾಡುವ ಒಂದು ಗುರುತು ಅಷ್ಟೇ, ಪಾಸು-ಫೇಲಿನ ಗೆರೆ ಅಲ್ಲ. ಶುರುವಿನಲ್ಲಿ ಗೆರೆ ಇಳಿಯದ ವಿಡಿಯೋ ಸಿಗುವುದು ಕಷ್ಟ. ಬೇರೇನೋ ಹುಡುಕುತ್ತಾ ತಪ್ಪಿ ಬಂದವರು, ಕೈತಪ್ಪಿ ಒತ್ತಿದವರು ಎಲ್ಲರೂ ಹೊರಟು ಹೋಗುವುದು ಆಗಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಲೈನಿಂಗ್ ಬ್ಲೌಸ್ ಕಟಿಂಗ್ ಕಲಿಸುವ 22 ನಿಮಿಷದ ವಿಡಿಯೋ. ಹೆಸರು, "ಕೈ ಎತ್ತಿದರೆ ಎಳೆಯದ ಬ್ಲೌಸ್". ಮೊದಲ 8 ಸೆಕೆಂಡ್ ಚಾನೆಲ್ ಲೋಗೋ ತಿರುಗುತ್ತದೆ. 20ರವರೆಗೆ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. 34ರವರೆಗೆ ಹೊಲಿಗೆ ಕಲಿತರೆ ಏನೆಲ್ಲ ಲಾಭ ಎಂಬ ಮಾತು. ಬಟ್ಟೆ ಹಾಸುವುದು ಆಮೇಲೆ. 30ನೇ ಸೆಕೆಂಡಿಗೆ ಉಳಿದವರು ನೂರಕ್ಕೆ 48.

ಇಲ್ಲಿಗೇ ನಿಲ್ಲಿಸಿದರೆ ಸಂದೇಶ ಸರಿ ಎನಿಸುತ್ತದೆ. ಗೆರೆಯನ್ನು ಮುಂದಕ್ಕೆ ನೋಡಿ. 10ನೇ ನಿಮಿಷದಲ್ಲಿ ಇನ್ನೂ 36 ಮಂದಿ ಇದ್ದಾರೆ. ಅಂದರೆ ಬಟ್ಟೆ ಹಾಸುವ ಹೊತ್ತಿಗೆ ಇದ್ದವರಲ್ಲಿ ಮುಕ್ಕಾಲು ಪಾಲು ಎದ್ದಿಲ್ಲ. 7 ನಿಮಿಷ 40 ಸೆಕೆಂಡಿನಲ್ಲಿ, ತೋಳಿನ ತಿರುವು ಗುರುತು ಹಾಕುವಾಗ, ಗೆರೆ ಮೇಲಕ್ಕೂ ಏರಿದೆ. ಹೋದವರು ವಾಪಸ್ ಬಂದರೆಂದಲ್ಲ, ನೋಡುತ್ತಿದ್ದವರು ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ, ಕೆಲವರು ನೇರ ಅಲ್ಲಿಗೇ ಹಾರಿದ್ದಾರೆ. ಈ ಪಾಠವನ್ನು 5 ನಿಮಿಷಕ್ಕೆ ಕತ್ತರಿಸಿದರೆ ಹೋಗುವುದು ಜನ ಕೂತು ನೋಡಿದ ಭಾಗವೇ. ತೊಂದರೆ ಇರುವುದು ಆ 34 ಸೆಕೆಂಡಿನಲ್ಲಿ. ಹೆಸರು ಹೇಳಿದ್ದನ್ನು ಕಣ್ಣಿಗೆ ತೋರಿಸುವ ಒಂದು ಚಿತ್ರವೂ ಅಲ್ಲಿಲ್ಲ.

ಸರಿಪಡಿಸಲು ಬೇಕಾದದ್ದನ್ನು ಆ ಏರಿದ ಜಾಗವೇ ಹೇಳುತ್ತದೆ. ಹೊಸ ಶುರುವಿನಲ್ಲಿ ಮೊದಲ 5 ಸೆಕೆಂಡ್ ಸಿದ್ಧವಾದ ಬ್ಲೌಸ್ ಹಾಕಿಕೊಂಡು ಕೈ ಎತ್ತಿ ತೋರಿಸಬೇಕು. ಮುಂದಿನ 7 ಸೆಕೆಂಡ್ ಕಂಕುಳಲ್ಲಿ ಎಳೆಯುವ ಹಳೆಯ ಬ್ಲೌಸ್, ಜೊತೆಗೆ "ತಪ್ಪಾಗುವುದು ತೋಳಿನ ಈ ತಿರುವಿನಲ್ಲಿ" ಎಂಬ ಒಂದೇ ಮಾತು. ಆಮೇಲೆ ಯಾವ ಅಳತೆಗೆ ಕತ್ತರಿಸುತ್ತಿದ್ದೇವೆ, ಎಷ್ಟು ಬಟ್ಟೆ ಬೇಕು, ತೋಳಿನ ಭಾಗ ಎಷ್ಟನೇ ನಿಮಿಷದಲ್ಲಿ ಬರುತ್ತದೆ. 22ನೇ ಸೆಕೆಂಡಿಗೆ ಬಟ್ಟೆ ಮೇಜಿನ ಮೇಲೆ. ಸಬ್‌ಸ್ಕ್ರೈಬ್ ಕೋರಿಕೆ ತೋಳು ಕತ್ತರಿಸಿ ಮುಗಿದ ಮೇಲೆ ಬರಲಿ. ನೋಡುವವರಿಗೆ ಏನಾದರೂ ಸಿಕ್ಕ ಮೇಲೆ ಕೇಳುವುದೇ ಮರ್ಯಾದೆ ಎಂಬುದು ನಮ್ಮ ಅನಿಸಿಕೆ. "ಗುಟ್ಟು ಕೊನೆಯಲ್ಲಿದೆ, ಸ್ಕಿಪ್ ಮಾಡಬೇಡಿ" ಎಂದು ಹೆದರಿಸುವ ಶುರು ಮಾತ್ರ ಬೇಡ. ಅದು ಬೀಳುವ ಗೆರೆಯನ್ನು ಒಂದೆರಡು ನಿಮಿಷ ಮುಂದೂಡಬಹುದು, ಅಷ್ಟೇ.

ಫಲ ಸಿಕ್ಕಿತೇ ಎಂದು ನೋಡುವಾಗಲೇ ಹೆಚ್ಚಿನವರು ಎಡವುವುದು. 50 ಜನ ನೋಡಿದ ವಿಡಿಯೋದಲ್ಲಿ ಒಬ್ಬರು ಎದ್ದರೂ ಗೆರೆ 2 ಅಂಶ ಇಳಿಯುತ್ತದೆ. ಅಷ್ಟರಲ್ಲಿ ತೀರ್ಮಾನ ಮಾಡಬೇಡಿ. ಮೊದಲ ದಿನಗಳಲ್ಲಿ ನೋಡುವವರಲ್ಲಿ ನಿಮ್ಮ ಚಾನೆಲ್ ಪರಿಚಯ ಇರುವವರು ಹೆಚ್ಚಿರಬಹುದು, ಅವರು ಲೋಗೋವನ್ನೂ ಸಹಿಸಿಕೊಳ್ಳುತ್ತಾರೆ. ಹೊಸಬರು ಮತ್ತು ಹಳಬರ ಗೆರೆಯನ್ನು ಸ್ಟುಡಿಯೋದಲ್ಲಿ ಬೇರೆ ಬೇರೆಯಾಗಿ ನೋಡಬಹುದು. ಶುರುವನ್ನು ಅಳೆಯಬೇಕಾದದ್ದು ಹೊಸಬರ ಗೆರೆಯಲ್ಲಿ. ಜನ ಯಾಕೆ ಎದ್ದರು ಎಂಬುದನ್ನು ಮಾತ್ರ ಯಾವ ಗೆರೆಯೂ ಹೇಳದು, ಅದಕ್ಕೆ ಕಾಮೆಂಟ್ ಓದಬೇಕು.

ಈಗಾಗಲೇ ಹಾಕಿರುವ ವಿಡಿಯೋದ ಗತಿ? ಕಂಪ್ಯೂಟರಿನಲ್ಲಿ ಸ್ಟುಡಿಯೋ ತೆರೆದರೆ ಅಲ್ಲಿನ ಎಡಿಟರ್‌ನಲ್ಲಿ ಮೊದಲ 34 ಸೆಕೆಂಡನ್ನು ಕತ್ತರಿಸಬಹುದು. ಲಿಂಕ್, ವ್ಯೂಸ್, ಕಾಮೆಂಟ್ ಹಾಗೆಯೇ ಉಳಿಯುತ್ತವೆ. ಆದರೆ ಹೊಸ ದೃಶ್ಯ ಸೇರಿಸಲು ಆಗುವುದಿಲ್ಲ, ಸೇರಿಸಬೇಕೆಂದರೆ ಬೇರೆ ವಿಡಿಯೋ ಆಗಿಯೇ ಹಾಕಬೇಕು, ಲೆಕ್ಕ ಸೊನ್ನೆಯಿಂದ ಶುರು. ಕತ್ತರಿಸಿದರೆ ಕೆಳಗೆ ಬರೆದಿರುವ ಸಮಯಗಳನ್ನೂ ತಿದ್ದಿ: 7:40 ಎಂದಿದ್ದ ತೋಳಿನ ಭಾಗ ಈಗ 7:06ಕ್ಕೆ ಬರುತ್ತದೆ.