“ಮಕ್ಕಳು ಯಾವಾಗ?” ಎಂದು ಸಂದರ್ಶಕರು ಕೇಳಿದಾಗ

ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದರು. ಆ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯಿತೆಂದೂ, ಆಯ್ಕೆ ಮಂಡಳಿಯ ಅಧ್ಯಕ್ಷರೇ ತಮ್ಮನ್ನು ಈ ಸೇವೆ ಬೇಡವೆಂದು ಹಿಮ್ಮೆಟ್ಟಿಸಲು ನೋಡಿದರೆಂದೂ ಅವರು ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಹೇಳಿದ್ದಾರೆ. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಷ್ಟು ಹೊತ್ತಿಗೆ ಮುತ್ತಮ್ಮನವರು ಮೂವತ್ತು ವರ್ಷಗಳ ಸೇವೆ ಮುಗಿಸಿದ್ದರು.

ಮುಚ್ಚಳಿಕೆಯ ಕಾಲ ಹೋಯಿತು, ಪ್ರಶ್ನೆ ಉಳಿಯಿತು. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕೆ ಅರ್ಜಿ ಹಾಕಿದ ನಮ್ಮ ಹೆಣ್ಣುಮಕ್ಕಳಲ್ಲಿ “ಮದುವೆಯಾಗಿದೆಯೇ? ಗಂಡನ ಊರು ಯಾವುದು? ಮಕ್ಕಳು ಯಾವಾಗ?” ಎಂಬ ಮಾತು ಕೇಳಿಸಿಕೊಳ್ಳದವರು ಕಡಿಮೆ. ಇದಕ್ಕೆ ಕೆಲವರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಡುತ್ತಾರೆ, ಕೆಲವರು ಸಿಡಿದೇಳುತ್ತಾರೆ. ಎರಡೂ ಕೆಲಸಕ್ಕೆ ಬಾರವೆಂಬುದು ನನ್ನ ಅಭಿಪ್ರಾಯ. ಪ್ರಶ್ನೆಯ ಹಿಂದಿರುವ ಉದ್ಯೋಗದಾತನ ಆತಂಕವನ್ನು ಗುರುತಿಸಿ, ಅದಕ್ಕೆ ಎರಡು ವಾಕ್ಯಗಳಲ್ಲಿ ಉತ್ತರ ಕೊಟ್ಟು, ಮಾತನ್ನು ಕೆಲಸದತ್ತ ತಿರುಗಿಸುವುದೇ ಶಾಂತವಾದ ಉತ್ತರ. ಅದನ್ನು ಕಲಿಯಬೇಕಾದರೆ ಆ ಆತಂಕ ಏನೆಂಬುದು ಮೊದಲು ತಿಳಿದಿರಬೇಕು.

ಅದು ಬಹುಮಟ್ಟಿಗೆ ಹಣದ ಲೆಕ್ಕ. ನಮ್ಮ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ, ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ಮಹಿಳೆಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸವೇತನ ರಜೆ ಸಲ್ಲಬೇಕು. ಇಎಸ್‌ಐ ವ್ಯಾಪ್ತಿಗೆ ಬರುವ ಕಡಿಮೆ ಸಂಬಳದವರಿಗಾದರೆ ಆ ನಿಗಮವೇ ಹಣ ಕೊಡುತ್ತದೆ. ಅದಕ್ಕಿಂತ ಮೇಲಿನವರ ವಿಷಯದಲ್ಲಿ ಪೂರ್ತಿ ಹೊರೆ ಉದ್ಯೋಗದಾತನದೇ. ತಿಂಗಳಿಗೆ 40,000 ರೂಪಾಯಿ ಪಡೆಯುವವಳ ಆರು ತಿಂಗಳ ಸಂಬಳ 2,40,000 ರೂಪಾಯಿ; ಅದರ ಮೇಲೆ ಆಕೆಯ ಜಾಗದಲ್ಲಿ ಕುಳಿತವನ ಸಂಬಳ ಬೇರೆ. ಹದಿನೈದು ಜನರ ಕಚೇರಿ ನಡೆಸುವವನು ಈ ಲೆಕ್ಕವನ್ನು ಮನಸ್ಸಿನಲ್ಲಿ ಹಾಕಿಯೇ ಹಾಕುತ್ತಾನೆ. ಅವನು ದುಷ್ಟನೇ ಆಗಿರಬೇಕಿಲ್ಲ. ಆದರೆ ಈ ಹೊರೆಯನ್ನು ಸಮಾಜ ಹಂಚಿಕೊಳ್ಳದೆ ಅವನೊಬ್ಬನ ಮೇಲೆ ಹೊರಿಸಿದ ವ್ಯವಸ್ಥೆಗೆ, ಎದುರಿಗೆ ಕುಳಿತ ಹೆಣ್ಣುಮಗಳು ದಂಡ ತೆರಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಬೆಳಗಾವಿ ಕಡೆಯ ಮನೆತನದ, ಪುಣೆಯಲ್ಲಿ ಬೆಳೆದ, ಇಪ್ಪತ್ತೇಳರ ಹೆಣ್ಣುಮಗಳು, ಬಿ.ಕಾಂ. ಮುಗಿಸಿ ನಾಲ್ಕು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವಳು; ಮದುವೆಯಾಗಿ ಒಂದೂವರೆ ವರ್ಷ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಹೊಣೆಯ ಹುದ್ದೆಗೆ ಸಂದರ್ಶನ. ಜಿಎಸ್‌ಟಿಯ ಬಗ್ಗೆ, ಬ್ಯಾಂಕ್ ಲೆಕ್ಕದ ತಾಳೆಯ ಬಗ್ಗೆ ಕೇಳಿ ಮುಗಿಸಿದ ಹಿರಿಯರೊಬ್ಬರು ನಗುತ್ತ, “ಮದುವೆಯಾಗಿ ಎಷ್ಟು ದಿನವಾಯಿತಮ್ಮ? ಮಗುವಿನ ಯೋಚನೆ ಇದೆಯೇನು?” ಎನ್ನುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಬರುವ ಉತ್ತರ, “ಸದ್ಯಕ್ಕೆ ಇಲ್ಲ ಸರ್, ಎರಡು ಮೂರು ವರ್ಷ ಬೇಡವೆಂದುಕೊಂಡಿದ್ದೇವೆ.” ಎಲ್ಲ ಉತ್ತರಗಳಲ್ಲಿ ಇದೇ ಹೆಚ್ಚು ಹಾನಿಕರ. ಕೇಳಿದವರು ಇದನ್ನು ನಂಬುವುದಿಲ್ಲ. ಯಾರಾದರೂ ಹೀಗೆಯೇ ಹೇಳುತ್ತಾರೆಂದು ಅವರಿಗೆ ಗೊತ್ತು. ಇದು ಮುಂದಿನ ಪ್ರಶ್ನೆಗೂ ಬಾಗಿಲು ತೆರೆಯುತ್ತದೆ: “ಅತ್ತೆಯವರು ಒಪ್ಪಿದ್ದಾರೆಯೇ?” ನಾಳೆ ಬದುಕು ಬೇರೆ ತಿರುವು ಪಡೆದರೆ, ಕೊಡಬಾರದಾಗಿದ್ದ ಈ ಮಾತು ವಚನಭಂಗವೆಂಬಂತೆ ಆಕೆಯ ಮುಂದೆಯೇ ಬಂದು ನಿಲ್ಲುತ್ತದೆ.

ಆಕೆ ಹೀಗೆ ಹೇಳಬಹುದು: “ತಿಂಗಳ ಕೊನೆಯ ಕೆಲಸ ತಪ್ಪದೆ ಆಗುತ್ತದೆಯೇ ಎಂಬುದು ನಿಮ್ಮ ಕಾಳಜಿಯಾಗಿದ್ದರೆ, ಹಿಂದಿನ ಕಚೇರಿಯಲ್ಲಿ ನಾಲ್ಕು ವರ್ಷ ಆ ಲೆಕ್ಕವನ್ನು ಐದನೇ ತಾರೀಖಿನೊಳಗೆ ಮುಗಿಸಿದ್ದೇನೆ. ನಾನಿಲ್ಲದ ದಿನವೂ ನಡೆಯುವಂತೆ ಪ್ರತಿ ಹಂತವನ್ನೂ ಬರೆದಿಟ್ಟಿದ್ದೆ. ಇಲ್ಲಿ ಆ ಕೆಲಸವನ್ನು ಎಷ್ಟು ಜನ ಮಾಡುತ್ತಾರೆ?” ಮದುವೆಯ ಮಾತಿಗೆ ಆಕೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆತಂಕಕ್ಕೆ ಉತ್ತರ ಸಿಕ್ಕಿತು. ಕೊನೆಯಲ್ಲಿ ಕೆಲಸದ ಬಗ್ಗೆ ಒಂದು ಪ್ರಶ್ನೆ ಇರುವುದರಿಂದ ಮಾತಿನ ಸರದಿ ಈಗ ಅವರದು. ಆ ಪ್ರಶ್ನೆ ಇಲ್ಲದಿದ್ದರೆ ಮೌನ ಉಂಟಾಗುತ್ತದೆ, ಮೌನವನ್ನು ತುಂಬಲು ಆಕೆಯೇ ಮನೆಯ ಕಥೆಯನ್ನು ತೆಗೆಯುತ್ತಾಳೆ. ಬಹಳ ಸಂದರ್ಶನಗಳು ಕೆಡುವುದು ಅಲ್ಲಿಯೇ.

ಅವರು ಬಿಡದೆ ಮತ್ತೆ ಕೇಳಿದರೆ? “ಅದು ನಮ್ಮ ಮನೆಯ ವಿಷಯ ಸರ್, ಅದನ್ನು ಇಲ್ಲಿ ತರುವುದು ನನಗೆ ರೂಢಿಯಿಲ್ಲ. ಕೆಲಸದ ವೇಳೆ, ಪ್ರಯಾಣ ಯಾವುದನ್ನು ಬೇಕಾದರೂ ಕೇಳಿ” ಎಂದು ಅದೇ ದನಿಯಲ್ಲಿ ಹೇಳಬೇಕು. ಮೂರನೆಯ ಬಾರಿಯೂ ಅದೇ ಪ್ರಶ್ನೆ ಬಂದರೆ ಆ ಸಂಸ್ಥೆಯ ಪರಿಚಯ ಆಕೆಗೆ ಆಗಿಹೋಯಿತು. ಮನೆಗೆ ಬಂದ ಮೇಲೆ ದಿನಾಂಕ, ಕೇಳಿದವರ ಹುದ್ದೆ, ಕೇಳಿದ ಮಾತು ಇಷ್ಟನ್ನು ಅಂದೇ ಬರೆದಿಡುವುದು ಒಳ್ಳೆಯದು. ಪ್ರಶ್ನೆಗೆ ಲೈಂಗಿಕ ಧ್ವನಿ ಇದ್ದಲ್ಲಿ ಮಾತ್ರ ವಿಷಯ ಬೇರೆ. 2013ರ ಕಾಯ್ದೆಯಂತೆ ಇನ್ನೂ ನೌಕರಳಲ್ಲದವಳು ಕೂಡ ಆ ಸಂಸ್ಥೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ಸಂದರ್ಶನದ ಕೋಣೆಯಲ್ಲಿಯೇ ಕಾನೂನನ್ನು ಎತ್ತಬೇಕೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಂವಿಧಾನದ 15 ಮತ್ತು 16ನೇ ವಿಧಿಗಳು ಕಟ್ಟಿಹಾಕುವುದು ಮುಖ್ಯವಾಗಿ ಸರ್ಕಾರವನ್ನು. ನೇಮಕದಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದೆಂಬ ಕಾನೂನು ಖಾಸಗಿಯವರಿಗೂ ಅನ್ವಯಿಸುತ್ತದೆ, ನಿಜ. ಆದರೆ ಧರ್ಮ, ವಯಸ್ಸು, ಮದುವೆಗಳ ಬಗ್ಗೆ ಖಾಸಗಿ ಸಂದರ್ಶಕ ಬಾಯಿ ತೆರೆಯಲೇಬಾರದೆನ್ನುವ ಒಂದು ಸಮಗ್ರ ಕಾನೂನು ನಮ್ಮ ದೇಶದಲ್ಲಿಲ್ಲ. ಇಲ್ಲದ ಕಾನೂನಿನ ಹೆಸರು ಹೇಳಿದರೆ ಎದುರಿನವರು ನಕ್ಕುಬಿಡುತ್ತಾರೆ.

ಹಾಗಾದರೆ ಸುಳ್ಳು ಹೇಳಿಬಿಡೋಣವೇ? ಇಲ್ಲಿ ಒಂದು ಪ್ರಕರಣ ನೆನಪಿಡತಕ್ಕದ್ದು. ಜೀವ ವಿಮಾ ನಿಗಮವು ಮಹಿಳಾ ಅಭ್ಯರ್ಥಿಗಳಿಂದ ಒಂದು ಘೋಷಣಾಪತ್ರ ತುಂಬಿಸಿಕೊಳ್ಳುತ್ತಿತ್ತು. ಅದರಲ್ಲಿ ಮುಟ್ಟಿನ ವಿವರ, ಎಷ್ಟು ಬಾರಿ ಗರ್ಭ ಧರಿಸಿದ್ದೀರಿ ಎಂಬವೂ ಇದ್ದವು. ಕೆಲಸಕ್ಕೆ ಸೇರಿದ ಒಬ್ಬಾಕೆ ಹೆರಿಗೆ ರಜೆ ಪಡೆದಾಗ, ಸುಳ್ಳು ಘೋಷಣೆ ಕೊಟ್ಟಳೆಂದು ಅವಳನ್ನು ಪ್ರೊಬೇಷನ್ ಅವಧಿಯಲ್ಲೇ ತೆಗೆದುಹಾಕಲಾಯಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದು ತರುವಂಥವೆಂದು ಹೇಳಿ, ಅವನ್ನು ಪತ್ರದಿಂದ ತೆಗೆಯಲು ಆದೇಶಿಸಿ, ಆಕೆಯನ್ನು ಮರಳಿ ಕೆಲಸಕ್ಕೆ ಸೇರಿಸಿತು. ನ್ಯಾಯ ಸಿಕ್ಕಿತು, ಆದರೆ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ಬರವಣಿಗೆಯಲ್ಲಿ ಕೊಟ್ಟ ತಪ್ಪು ಮಾಹಿತಿ ಉದ್ಯೋಗದಾತನ ಕೈಗೆ ಕೊಟ್ಟ ಆಯುಧ. ಉತ್ತರಿಸದೆ ಬಿಟ್ಟ ಕಲಮು ಹಾಗಲ್ಲ. ನಮ್ಮ ಮನೆಗಳಲ್ಲಿ ಸತ್ಯಾಣುವ್ರತವನ್ನೂ ವಚನಗುಪ್ತಿಯನ್ನೂ ಬೇರೆ ಬೇರೆಯಾಗಿಯೇ ಕಲಿಸುತ್ತಾರಲ್ಲವೇ? ಹೇಳದಿರುವುದು ಬೇರೆ, ಸುಳ್ಳಾಡುವುದು ಬೇರೆ.

ಧರ್ಮದ ಪ್ರಶ್ನೆ ನಮ್ಮವರಿಗೆ ಇನ್ನೊಂದು ವೇಷದಲ್ಲಿ ಬರುತ್ತದೆ. “ಜೈನರೇ? ಹಾಗಾದರೆ ಗುಜರಾತಿಗಳೇ? ಕನ್ನಡ ಹೇಗೆ?” ಎಂಬ ಕುತೂಹಲಕ್ಕೆ “ಕರ್ನಾಟಕದಲ್ಲಿಯೂ ಜೈನರಿದ್ದೇವೆ, ನಮ್ಮ ಮನೆಮಾತು ಕನ್ನಡ” ಎಂಬ ಒಂದು ವಾಕ್ಯ ಸಾಕು. ಇಲ್ಲಿ ನಮ್ಮ ಹುಡುಗರಿಗೆ ಶ್ರವಣಬೆಳಗೊಳದಿಂದ ಆರಂಭಿಸುವ ಉತ್ಸಾಹ ಬರುವುದುಂಟು. ಗಡ್ಡೆಗೆಣಸಿನ ತತ್ತ್ವಕ್ಕೆ ಬರುವಷ್ಟರಲ್ಲಿ ಸಂದರ್ಶನದ ಅರ್ಧ ವೇಳೆ ಮುಗಿದಿರುತ್ತದೆ. ಕುತೂಹಲದ ಹಿಂದೆಯೂ ಆತಂಕವಿರಬಹುದು: ದಶಲಕ್ಷಣ ಪರ್ವದ ಹತ್ತು ದಿನವೂ ರಜೆ ಹಾಕುತ್ತಾರೋ, ಸಂಜೆಯ ಊಟಕ್ಕೆಂದು ಎದ್ದು ಹೋಗುತ್ತಾರೋ ಎಂದು. ಅದನ್ನು ಅಳತೆಯಲ್ಲಿ ಹೇಳಿಬಿಡುವುದು ಒಳ್ಳೆಯದು: “ಆ ಹತ್ತು ದಿನವೂ ಕೆಲಸಕ್ಕೆ ಬರುತ್ತೇನೆ, ಅನಂತ ಚತುರ್ದಶಿಯಂದು ನನ್ನ ರಜೆಯಿಂದ ಒಂದು ದಿನ, ಮೊದಲೇ ತಿಳಿಸಿ. ಸಂಜೆ ಸೂರ್ಯಾಸ್ತಕ್ಕೆ ಮುಂಚೆ ಹದಿನೈದು ನಿಮಿಷ ಬೇಕು, ಅಷ್ಟೇ.” ನಿಯಮ ಪಾಲಿಸುವವರು ಮಾತ್ರ ಇದನ್ನು ಹೇಳಬೇಕು, ಪಾಲಿಸುವಷ್ಟನ್ನೇ ಹೇಳಬೇಕು. ಇದರಾಚೆಗೆ, ಯಾವ ಪಂಥ, ಯಾವ ಸ್ವಾಮೀಜಿಯವರ ಕಡೆಯವರು, ಯಾವ ಪಕ್ಷಕ್ಕೆ ಮತ ಎಂಬ ಪ್ರಶ್ನೆಗಳ ಹಿಂದೆ ಕೆಲಸದ ಆತಂಕವೇನೂ ಇರುವುದಿಲ್ಲ. ಅಲ್ಲಿ “ಅದು ಇಲ್ಲಿ ಬೇಡ ಸರ್” ಎಂದರೆ ಮುಗಿಯಿತು.

ವಯಸ್ಸಿನದು ಸ್ವಲ್ಪ ಸರಳ. ಅಂಕಪಟ್ಟಿಯೇ ಅದನ್ನು ಹೇಳುವುದರಿಂದ ಮುಚ್ಚಿಡುವುದು ವ್ಯರ್ಥ. ನಲವತ್ತೈದರವರನ್ನು ಕೇಳುವವರ ನಿಜವಾದ ಸಂಶಯ, ಮೂವತ್ತರ ಮೇಲಧಿಕಾರಿಯ ಕೆಳಗೆ ಇವರು ದುಡಿಯಬಲ್ಲರೇ ಎಂಬುದು. ಕಿರಿಯರಿಂದ ಕಲಿತ ಒಂದು ಕೆಲಸವನ್ನು ಹೆಸರಿಸಿದರೆ ಅದಕ್ಕೆ ಉತ್ತರವಾಗುತ್ತದೆ.

ಇವೆಲ್ಲ ಓದಿದ ಮಾತ್ರಕ್ಕೆ ಬಾಯಿಗೆ ಬರುವುದಿಲ್ಲ. ಸಂದರ್ಶನ ನಡೆಯುವುದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆದ್ದರಿಂದ ಅದೇ ಭಾಷೆಯಲ್ಲಿ ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಬೇಕು. ಅಣ್ಣನೋ ಅಕ್ಕನೋ ಎದುರು ಕುಳಿತು, ಕೆಲಸದ ಹತ್ತು ಪ್ರಶ್ನೆಗಳ ನಡುವೆ ಎಚ್ಚರಿಸದೆ ಇಂಥದೊಂದನ್ನು ಎಸೆಯಲಿ; ವಾಕ್ಯಗಳನ್ನು ಎಣಿಸಲಿ. ಮೂರನ್ನು ದಾಟಿದರೆ ಸಮರ್ಥನೆ ಆರಂಭವಾಗಿದೆಯೆಂದೇ ತಿಳಿಯಬೇಕು. ಮಾತಿನ ವೇಗ ಹೆಚ್ಚಿದರೆ, ಅಥವಾ ಕಾರಣವಿಲ್ಲದೆ ನಗು ಬಂದರೆ, ಶಾಂತಿ ಇನ್ನೂ ಮೇಲುಮೇಲಿನದು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಉಸಿರಿನ ಬಿಡುವು ಕೊಡುವುದನ್ನು ಇಲ್ಲಿಯೇ ಅಭ್ಯಾಸ ಮಾಡಬಹುದು.

ಶಾಂತವಾಗಿ ಉತ್ತರಿಸಿದವಳಿಗೂ ಕೆಲಸ ಸಿಗದೆ ಹೋಗಬಹುದು. ತಿರಸ್ಕಾರದ ಕಾರಣವನ್ನು ಯಾರೂ ಬರೆದುಕೊಡುವುದಿಲ್ಲ. ಆಗ ಮನೆಯವರು “ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು?” ಎಂದು ಕೇಳದಿರಲಿ.

ಕೊನೆಯದಾಗಿ, ಸಂದರ್ಶಕರ ಕುರ್ಚಿಯಲ್ಲಿ ಕುಳಿತಿರುವ ನಮ್ಮವರನ್ನು ಕುರಿತು ಒಂದು ಮಾತು. ಈ ಊರುಗಳಲ್ಲಿ ಅಂಗಡಿ, ಲೆಕ್ಕಪತ್ರ ಕಚೇರಿ, ಶಾಲೆಗಳನ್ನು ನಡೆಸುವವರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. “ನಮ್ಮವರ ಮಗಳಲ್ಲವೇ” ಎಂಬ ಸಲಿಗೆಯಲ್ಲಿ ಹೊರಗಿನವರು ಕೇಳದುದನ್ನೂ ಇವರು ಕೇಳುತ್ತಾರೆ. ಕೆಲಸದ ಸಂದರ್ಶನ ಅರ್ಧದಲ್ಲಿ ಸಂಬಂಧ ನೋಡುವ ಶಾಸ್ತ್ರವಾಗುತ್ತದೆ. ಹಿರಿಯರ ಎದುರು “ಅದು ಮನೆಯ ವಿಷಯ” ಎನ್ನಲು ಹುಡುಗಿಗೆ ಅಪರಿಚಿತರ ಎದುರಿಗಿಂತ ಹೆಚ್ಚು ಕಷ್ಟ. ಅವರು ತಿಳಿಯಬೇಕಾದದ್ದು ರಾತ್ರಿ ಎಂಟರವರೆಗೆ ಇರಬಲ್ಲಳೇ, ತಿಂಗಳಿಗೆ ಎರಡು ಬಾರಿ ನಾಸಿಕಕ್ಕೆ ಹೋಗಬಲ್ಲಳೇ ಎಂಬುದಾದರೆ, ಅದನ್ನೇ ಕೇಳಲಿ, ಗಂಡುಹುಡುಗನನ್ನೂ ಕೇಳಲಿ. ಅರ್ಜಿ ನಮೂನೆಯಲ್ಲಿ ಗಂಡನ ಹೆಸರಿನ ಕಲಮು ಇದ್ದರೆ ಮುಂದಿನ ಮುದ್ರಣದಲ್ಲಿ ತೆಗೆಯಲಿ.