ಮಣ್ಣಿಗೆ ಹೋಗಿ ಬಂದ ಮರುದಿನ

ಶನಿವಾರ ರಾತ್ರಿ ಅವರ ಎದೆ ನಿಂತಿತು. ಭಾನುವಾರ ಮಧ್ಯಾಹ್ನ ಮಣ್ಣು. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಸಂಶೋಧನಾ ಯೋಜನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದಿನ ದಿನದ ‘ಓಂ ಶಾಂತಿ’ಗಳ ಕೆಳಗೇ ಹೊಸ ಸಂದೇಶ ಬಂತು: ‘ಅವರ ಬಾಕಿ ಹದಿನಾಲ್ಕು ಸಂದರ್ಶನಗಳನ್ನು ಮೂವರೂ ಹಂಚಿಕೊಳ್ಳಿ. ಗುರುವಾರದೊಳಗೆ ಮುಗಿಯಲಿ.’

ನನ್ನ ಪಾಲಿಗೆ ಐದು ಬಂದವು. ಎಲ್ಲವೂ ಗರಗದ ನೂಲುವವರ, ನೇಯುವವರ ಧ್ವನಿಮುದ್ರಣಗಳು. ಕೇಳುತ್ತ ಬರೆದಿಳಿಸಬೇಕು. ಕಿವಿಗೆ ಇಯರ್‌ಫೋನ್ ಹಾಕಿದೆ. ‘ಅಕ್ಕಾರ, ದಿನಕ್ಕ ಎಷ್ಟ ಲಡಿ ಆಗ್ತಾವ್ರಿ?’ ಎಂದು ನಿನ್ನೆ ಮಣ್ಣು ಮಾಡಿ ಬಂದ ಮನುಷ್ಯ ಕೇಳಿದರು. ಆ ಕಡೆಯಿಂದ ನಗು. ಅವರೂ ನಕ್ಕರು. ‘ಪ್ರಶ್ನೆ’ ಅಂತ ಬರೆದು, ಎರಡು ಚುಕ್ಕೆ ಇಟ್ಟು, ಅವರ ಮಾತನ್ನು ಟೈಪ್ ಮಾಡಬೇಕಿತ್ತು. ಒಂದು ಗಂಟೆ ಕೂತರೂ ನನ್ನ ಕೈಯಿಂದ ಮೂರು ಸಾಲು ದಾಟಲಿಲ್ಲ.

ಎರಡು ದಿನ ಬಿಡುವು ಕೇಳಿದೆ. ‘ಅವರು ನಿನಗೇನಾಗಬೇಕಪ್ಪಾ?’ ಎಂಬ ಪ್ರಶ್ನೆ ಬಂತು. ಕೇಳಿದವರು ಕೆಟ್ಟವರಲ್ಲ. ರಜೆ ಅರ್ಜಿಗೆ ಒಂದು ಸಂಬಂಧ ಬೇಕಿತ್ತು, ಅಷ್ಟೆ. ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸ 1989ರಲ್ಲೇ ಇಂಥದ್ದಕ್ಕೆ ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ‘ಹಕ್ಕಿಲ್ಲದ ದುಃಖ’ ಎನ್ನಬಹುದು. ರಕ್ತವೂ ಮದುವೆಯೂ ಇಲ್ಲದ ಕಡೆ ಹುಟ್ಟುವ ದುಃಖವನ್ನು ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಂಶೋಧನಾ ಫೆಲೋಗಳಿಗೆ ಯುಜಿಸಿ ನಿಯಮದಲ್ಲಿ ವರ್ಷಕ್ಕೆ 30 ದಿನ ರಜೆ ಇದೆ. ಅದರಲ್ಲಿ ಎರಡು ದಿನ ತೆಗೆದುಕೊಳ್ಳಬಹುದಿತ್ತು, ನಿಜ. ಆದರೆ ಆಗ ಅದು ನನ್ನ ಸ್ವಂತ ಕೆಲಸದ ರಜೆಯಾಗುತ್ತದೆ, ಇಲ್ಲಿ ಒಬ್ಬರು ಸತ್ತರು ಎಂಬುದು ಕಚೇರಿಯ ಯಾವ ಕಾಗದದಲ್ಲೂ ಇರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಗರಗದ ಖಾದಿ ರಾಷ್ಟ್ರಧ್ವಜಕ್ಕೆ ಹೋಗುವ ಬಟ್ಟೆ. ಆ ಬಟ್ಟೆಗೆ ದುಃಖಪಡುವ ವಿಧಾನವನ್ನು ಸರ್ಕಾರ ಬರೆದಿಟ್ಟಿದೆ. 2002ರ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಪತಿ, ಉಪರಾಷ್ಟ್ರಪತಿ ಅಥವಾ ಪ್ರಧಾನಿ ತೀರಿಕೊಂಡರೆ ಬಾವುಟ ದೇಶವಿಡೀ ಅರ್ಧಕ್ಕೆ ಇಳಿಯುತ್ತದೆ, ಮುಖ್ಯಮಂತ್ರಿ ತೀರಿಕೊಂಡರೆ ಆ ರಾಜ್ಯದಲ್ಲಿ. ನೇರವಾಗಿ ಅರ್ಧಕ್ಕೆ ಏರಿಸುವಂತಿಲ್ಲ. ಮೊದಲು ತುದಿಗೆ ಏರಿಸಿ, ಆಮೇಲೆ ಇಳಿಸಬೇಕು. ಸಂಜೆ ತೆಗೆಯುವ ಮುನ್ನ ಮತ್ತೆ ತುದಿಗೆ ಏರಿಸಬೇಕು. ನನಗೆ ಹಿಡಿಸಿದ್ದು ಇನ್ನೊಂದು ನಿಯಮ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನದಂಥ ಹೊತ್ತಿನಲ್ಲಿ ಎಲ್ಲೂ ಬಾವುಟ ಇಳಿಸುವುದಿಲ್ಲ, ಶವ ಇರುವ ಕಟ್ಟಡದ ಮೇಲೆ ಮಾತ್ರ ಇಳಿದಿರುತ್ತದೆ. ಶವ ಹೊರಟ ಮೇಲೆ ಅದೂ ಏರುತ್ತದೆ. ದೇಶದ ಹಬ್ಬ ನಿಲ್ಲಬೇಕಿಲ್ಲ, ಆದರೆ ಸಾವು ಆದ ಮನೆ ಆ ಹಬ್ಬದಲ್ಲೂ ಬೇರೆಯಾಗಿ ಕಾಣಬೇಕು. ನಮ್ಮ ಓಣಿಯ ಲೆಕ್ಕವೂ ಇದೇ. ಹೆಣ ಹೊರಡುವ ತನಕ ನೆರೆಮನೆಯವರು ಒಲೆ ಹಚ್ಚುವುದಿಲ್ಲ. ಆ ನೆರೆಯವರು ಸತ್ತವರಿಗೆ ಏನಾಗಬೇಕು ಎಂದು ಯಾರೂ ಕೇಳುವುದಿಲ್ಲ.

‘ನಮ್ಮಲ್ಲಿ ಸೂತಕ ಇಲ್ಲ, ಶರಣರೇ ಬಿಡಿಸ್ಯಾರ’ ಎಂದು ಹಿರಿಯರೊಬ್ಬರು ಸಮಾಧಾನ ಹೇಳಿದರು. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಪ್ರೇತಸೂತಕವೂ ಒಂದು, ಸರಿ. ಆದರೆ ಅವರು ಕಿತ್ತು ಹಾಕಿದ್ದು ಮೈಲಿಗೆಯನ್ನು, ಅಳುವನ್ನಲ್ಲ. ಗಡುವು ಉಳಿಸಿಕೊಳ್ಳಲು ಶರಣರನ್ನು ಕರೆತರುವುದು ನನಗೆ ಸಹಿಸಲಾಗಲಿಲ್ಲ.

ಕೆಲಸವೇ ಮದ್ದು ಎನ್ನುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕೆಲವರಿಗೆ ಹಾಗಾಗುತ್ತದೆ. ನೇಯುವವರಿಗೆ ಕೂಲಿ ಮೀಟರಿನ ಲೆಕ್ಕದಲ್ಲಿ, ಮಗ್ಗ ನಿಂತರೆ ಅಂದಿನ ದುಡ್ಡೂ ನಿಂತಂತೆ. ಹೀಗಿದ್ದೂ ಜೊತೆಗೆ ನೇಯುತ್ತಿದ್ದ ಗೆಳತಿ ಸತ್ತ ದಿನ ಮಗ್ಗ ಮುಟ್ಟಲಿಲ್ಲ ಎಂದು ಒಬ್ಬ ಅಕ್ಕ ಅದೇ ಧ್ವನಿಮುದ್ರಣದಲ್ಲಿ ಹೇಳುತ್ತಾರೆ. ‘ರೊಕ್ಕ ಹೋತಲ್ರಿ?’ ಎಂದು ನಮ್ಮವರು ಕೇಳುತ್ತಾರೆ. ‘ಹೋತ್ರಿ. ಆಕೀನ ಹೋದ ಮ್ಯಾಲ ರೊಕ್ಕದ್ದೇನ್ರಿ.’ ತಿಂಗಳ ಸಂಬಳದ ಕಚೇರಿಗೆ ಗುರುವಾರವನ್ನು ಮುಂದಿನ ಸೋಮವಾರ ಮಾಡುವುದರಿಂದ ಇಷ್ಟೂ ನಷ್ಟವಿರಲಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಮಣ್ಣಿಗೆ ಹೋಗಲು ಅರ್ಜಿ ಕೇಳಬೇಡಿ. ಸತ್ತವರ ಕೆಲಸವನ್ನು ಮೂರು ದಿನವಾದರೂ ಹಂಚಬೇಡಿ, ಆಮೇಲೆ ಹಂಚುವಾಗ ವಾಟ್ಸ್‌ಆ್ಯಪ್‌ನಲ್ಲಿ ಬೇಡ, ಎಲ್ಲರನ್ನೂ ಕೂಡಿಸಿ ಅವರ ಹೆಸರು ಹೇಳಿ ಹಂಚಿ. ಅವರ ಕುರ್ಚಿಗೆ ಅಂದೇ ಫೈಲು ಪೇರಿಸಬೇಡಿ. ಅವರ ಧ್ವನಿಯನ್ನು ಬರೆದಿಳಿಸುವ ಕೆಲಸವನ್ನು ಅವರನ್ನು ಅರಿಯದ ಹೊರಗಿನವರಿಗೆ ಕೊಡಬಹುದೇ ಎಂದು ಒಮ್ಮೆ ಯೋಚಿಸಿ, ಅಥವಾ ನಮ್ಮನ್ನೇ ಕೇಳಿ. ಕೇಳಿದ್ದರೆ ಬಹುಶಃ ನಾನೇ ಮಾಡುತ್ತೇನೆ ಎನ್ನುತ್ತಿದ್ದೆ.

ಗುರುವಾರ ನಾಲ್ಕು ಕಳಿಸಿದೆ. ಐದನೆಯದು, ಆ ಅಕ್ಕನದು, ಇನ್ನೂ ನನ್ನ ಹತ್ತಿರವೇ ಇದೆ. ವಿಳಂಬಕ್ಕೆ ಕಾರಣ ಬರೆಯುವ ಜಾಗದಲ್ಲಿ ‘ಸಹೋದ್ಯೋಗಿಯ ನಿಧನ’ ಎಂದು ಬರೆದಿದ್ದೇನೆ.